ಗೈಡ್‌ಗೆ ಪುರುಸೊತ್ತಿಲ್ಲ, ಅಧ್ಯಾಯ ನಿಂತಿದೆ

*ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದೇನೆ. ವಿಷಯ, ಸ್ತ್ರೀಶಕ್ತಿ ಸಂಘಗಳ ಸಾಲ. ಗೈಡ್ ಈಗ ವಿಭಾಗದ ಮುಖ್ಯಸ್ಥರೂ ಹೌದು. 40 ಪುಟದ ಅಧ್ಯಾಯ ಕಳಿಸಿ ಐದು ವಾರವಾಯಿತು. ವಾಟ್ಸ್‌ಆ್ಯಪ್‌ನಲ್ಲಿ ‘ಸರ್, ನೋಡಿದ್ರಾ?’ ಅಂದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರಲ್ಲ. ನನ್ನ ಮೇಲೆ ಸಿಟ್ಟೋ ಏನೋ. ಏನು ಮಾಡಲಿ?*

ಸಿಟ್ಟಿರಲಿಕ್ಕಿಲ್ಲ. ‘ನೋಡಿದ್ರಾ?’ ಎಂಬುದಕ್ಕೆ ಉತ್ತರ ಕೊಡಬೇಕಾದರೆ ಅವರು ಮೊದಲು 40 ಪುಟ ಓದಬೇಕು. ಎರಡು ಗಂಟೆ ಬಿಡುವಾದಾಗ ನೋಡೋಣ ಎಂದು ಬದಿಗಿಟ್ಟಿರುತ್ತಾರೆ, ಮುಖ್ಯಸ್ಥರಿಗೆ ಆ ಎರಡು ಗಂಟೆ ಒಟ್ಟಿಗೆ ಸಿಗುವುದೇ ಇಲ್ಲ. ನೀವು ಕಳಿಸಬೇಕಾದ್ದು ಎರಡು ನಿಮಿಷದಲ್ಲಿ ತೀರ್ಮಾನಿಸಬಹುದಾದ ಪ್ರಶ್ನೆ.

ನಿಮ್ಮದೇ ವಿಷಯ ತೆಗೆದುಕೊಳ್ಳೋಣ. ‘ಪ್ರಶ್ನಾವಳಿ ಸರಿಯಿದೆಯಾ ಸರ್?’ ಎಂದು ಕೇಳಬೇಡಿ. ಹೀಗೆ ಬರೆಯಿರಿ: “ಹತ್ತು ಮಹಿಳೆಯರ ಜೊತೆ ಪ್ರಶ್ನಾವಳಿ ಪರೀಕ್ಷಿಸಿದೆ. ಕಳೆದ ವರ್ಷ ಎಷ್ಟು ಕಂತು ಕಟ್ಟಿದಿರಿ ಎಂದರೆ ಆರು ಜನರಿಗೆ ನೆನಪಾಗಲಿಲ್ಲ. ಮೂರು ತಿಂಗಳಿಗೆ ಇಳಿಸಬಹುದು, ಇಲ್ಲವೇ ಸಂಘದ ಸಾಲದ ಪುಸ್ತಕದಿಂದ ಬರೆದುಕೊಳ್ಳಬಹುದು. ಪುಸ್ತಕವೇ ಮೇಲು ಅನ್ನಿಸುತ್ತದೆ, ವರ್ಷದ ಲೆಕ್ಕ ತಪ್ಪುವುದಿಲ್ಲ. ಒಪ್ಪಿಗೆಯೇ?” ಇದಕ್ಕೆ ಕಾರಿಡಾರಿನಲ್ಲಿ ನಡೆಯುತ್ತಲೇ ‘ಪುಸ್ತಕ ನೋಡಮ್ಮ, ಆದ್ರೆ ಸಂಘದವರ ಒಪ್ಪಿಗೆ ಬರೆಸ್ಕೋ’ ಎನ್ನಬಹುದು. ಅಧ್ಯಾಯವನ್ನೂ ಹಾಗೇ ಒಡೆಯಿರಿ. ನಿಮಗೆ ಅನುಮಾನವಿರುವ ನಾಲ್ಕು ಪುಟ ಮಾತ್ರ ಕೊಟ್ಟು, ಎಲ್ಲಿ ಅನುಮಾನ ಎಂದು ಅಂಚಿನಲ್ಲಿ ಗುರುತು ಹಾಕಿ.

ವಾರಕ್ಕೊಮ್ಮೆಯ ಭೇಟಿಯನ್ನು ಎದುರಿಗೇ ಕೇಳಿ, ಮೆಸೇಜಿನಲ್ಲಿ ಬೇಡ. ಅವರ ತರಗತಿಯ ವೇಳಾಪಟ್ಟಿ ನೋಡಿಟ್ಟುಕೊಂಡು ಹೋಗಿ: “ಸರ್, ಬುಧವಾರ ನಿಮ್ಮ ಕ್ಲಾಸ್ ಮುಗಿದ ಮೇಲೆ ಹದಿನೈದು ನಿಮಿಷ ಬರಲಾ? ಒಂದು ತಿಂಗಳು ಮಾಡಿ ನೋಡೋಣ.” ‘ಯಾವಾಗ ಬಿಡುವು ಸರ್?’ ಎಂದು ಕೇಳಿದರೆ ‘ಹೇಳ್ತೀನಿ’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಭೇಟಿ ತಪ್ಪಿದ ವಾರ ಮರುದಿನ ಐದು ನಿಮಿಷ ಫೋನ್ ಮಾಡಬಹುದೇ ಎಂದು ಅವತ್ತೇ ಕೇಳಿಡಿ. ತಪ್ಪುವುದಂತೂ ಖಂಡಿತ. ಎರಡು ಸಲ ಸುಮ್ಮನೆ ಬಿಟ್ಟರೆ ಪದ್ಧತಿಯೇ ಬಿದ್ದುಹೋಗುತ್ತದೆ.

ಹಿಂದಿನ ಸಂಜೆ ಒಂದೇ ಪುಟ ಮೇಲ್ ಮಾಡಿ. ಆ ವಾರ ಆದದ್ದು ಎರಡು ಸಾಲು, ಆಮೇಲೆ ಹೆಚ್ಚೆಂದರೆ ಮೂರು ಪ್ರಶ್ನೆ, ಯಾವ ಪ್ರಶ್ನೆಯಿಂದ ಕೆಲಸ ನಿಂತಿದೆಯೋ ಅದು ಮೊದಲು. ಅದರ ಒಂದು ಪ್ರಿಂಟ್ ಕೈಯಲ್ಲಿರಲಿ, ಮೇಲ್ ತೆರೆದಿರುವುದಿಲ್ಲ. ಭೇಟಿಯಾದ ದಿನವೇ “ಇವತ್ತು ತೀರ್ಮಾನವಾದದ್ದು” ಎಂದು ನಾಲ್ಕು ಸಾಲು ಕಳಿಸಿ. ಮುಂದೊಂದು ದಿನ ‘ಪುಸ್ತಕ ನೋಡು ಅಂತ ಯಾರು ಹೇಳಿದ್ದು?’ ಎಂದರೆ ಆ ಮೇಲ್ ತೋರಿಸಬಹುದು.

ಸಣ್ಣ ವಿಷಯಗಳಿಗೆ “ಶುಕ್ರವಾರದೊಳಗೆ ಬೇರೆ ಸೂಚನೆ ಬರದಿದ್ದರೆ ಹೀಗೇ ಮುಂದುವರಿಯುತ್ತೇನೆ ಸರ್” ಎಂದು ಸೇರಿಸಬಹುದು. ಶೀರ್ಷಿಕೆ ಬದಲಾವಣೆ, ನೈತಿಕ ಸಮಿತಿಯ ಅನುಮತಿ, ಲೇಖನ ಪ್ರಕಟಣೆಗೆ ಕಳಿಸುವುದು, ಇವುಗಳಲ್ಲಿ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಒಂದೂವರೆ ತಿಂಗಳಾದರೂ ಒಂದು ಭೇಟಿಯೂ ಆಗದಿದ್ದರೆ ಸಂಶೋಧನಾ ಸಲಹಾ ಸಮಿತಿ ಇದೆ. ಯುಜಿಸಿಯ 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಮಂಡಿಸಲೇಬೇಕು. ಅಲ್ಲಿ ದೂರಬೇಡಿ. ಅಧ್ಯಾಯವನ್ನು ಸಮಿತಿಯ ಇನ್ನೊಬ್ಬ ಸದಸ್ಯರು ಓದಬಹುದೇ ಎಂದು ಕೇಳಿ, ಕೇಳುವ ಮುನ್ನ ಸರ್‌ಗೆ ತಿಳಿಸಿ.