ಹಳೆ ಸಹೋದ್ಯೋಗಿಗೆ ಲಿಂಕ್ಡ್‌ಇನ್ ರೆಕಮೆಂಡೇಶನ್ ಬರೆಯುವುದು ಹೇಗೆ?

"ಹಿಂದೆ ಜೊತೆಗೆ ಕೆಲಸ ಮಾಡಿದವರೊಬ್ಬರು ಲಿಂಕ್ಡ್‌ಇನ್‌ನಲ್ಲಿ ರೆಕಮೆಂಡೇಶನ್ ಬರೆದುಕೊಡಿ ಅಂತ ಕೇಳಿದ್ದಾರೆ. ನಿಜಕ್ಕೂ ಒಳ್ಳೆ ಕೆಲಸಗಾರರು. ಆದರೆ ಬರೆಯಲು ಕೂತರೆ 'ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್' ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ಏನು ಬರೆಯಲಿ?"

ಮೊದಲು ಅವರಿಗೇ ಒಂದು ಮೆಸೇಜ್ ಮಾಡಿ, ಈಗ ಎಂಥ ಕೆಲಸ ಹುಡುಕುತ್ತಿದ್ದಾರೆ ಅಂತ ಕೇಳಿ. ಟೀಮ್ ಲೀಡ್ ಆಗಲು ಹೊರಟವರಿಗೆ, ಅವರು ಒಬ್ಬರೇ ಕೂತು ಮುಗಿಸಿದ ಕೆಲಸದ ಬಗ್ಗೆ ಎಷ್ಟು ಬರೆದರೂ ಉಪಯೋಗ ಕಡಿಮೆ. ಹೊಸಬರಿಗೆ ಹೇಗೆ ಕೆಲಸ ಕಲಿಸಿದರು ಅನ್ನುವುದು ಅಲ್ಲಿ ಬೇಕು.

ಆಮೇಲೆ ಗುಣಗಳ ಪಟ್ಟಿ ಪಕ್ಕಕ್ಕಿಡಿ. ಅವರು ಟೀಮಿನಲ್ಲಿ ಇಲ್ಲದೇ ಹೋಗಿದ್ದರೆ ಯಾವ ಕೆಲಸ ಕೆಡುತ್ತಿತ್ತು? ಇದಕ್ಕೆ ಉತ್ತರವಾಗಿ ಒಂದು ಘಟನೆ ನೆನಪಾದರೆ ಸಾಕು.

ನಾನು ಒಬ್ಬ ಟೆಸ್ಟರ್‌ಗೆ ಬರೆದುಕೊಟ್ಟದ್ದನ್ನೇ ಹೇಳುತ್ತೇನೆ. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಒಂದು ರಿಲೀಸ್‌ಗೆ ಮುಂಚೆ ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ದವು. ಬಿಲ್‌ನಲ್ಲಿ ಬರುವ ತೆರಿಗೆಗೂ ರಿಪೋರ್ಟ್‌ನಲ್ಲಿ ಬರುವ ತೆರಿಗೆಗೂ ತಾಳೆ ಆಗುತ್ತಿಲ್ಲ ಅನ್ನುವ ಅನುಮಾನ ಅವರಿಗೆ ಮಾತ್ರ ಬಂತು. ಮೂರೇ ಐಟಂ ಇರುವ ಒಂದು ಪುಟ್ಟ ಬಿಲ್ ಮಾಡಿ ತೋರಿಸಿದರು. ಪ್ರತಿ ಐಟಂಗೆ ತೆರಿಗೆ 3.336. ಬಿಲ್ ಒಂದೊಂದು ಸಾಲನ್ನೂ 3.34 ಅಂತ ರೌಂಡ್ ಮಾಡಿ ಕೂಡಿಸುತ್ತಿತ್ತು, 10.02 ಬರುತ್ತಿತ್ತು. ರಿಪೋರ್ಟ್ ಮೊದಲು ಮೂರನ್ನೂ ಕೂಡಿಸಿ 10.008 ಮಾಡಿಕೊಂಡು ಆಮೇಲೆ ರೌಂಡ್ ಮಾಡುತ್ತಿತ್ತು, 10.01 ಬರುತ್ತಿತ್ತು. ಇಷ್ಟನ್ನೂ ಬಗ್ ರಿಪೋರ್ಟ್‌ನಲ್ಲಿ ಎಷ್ಟು ಸ್ಪಷ್ಟವಾಗಿ ಬರೆದಿದ್ದರೆಂದರೆ, ಓದಿದ ನನಗೆ ಒಂದು ಪ್ರಶ್ನೆಯೂ ಉಳಿಯಲಿಲ್ಲ.

ಇದನ್ನು ಇಟ್ಟುಕೊಂಡು ಹೀಗೆ ಬರೆದೆ:

"ನಾವಿಬ್ಬರೂ ಒಂದೇ ಬಿಲ್ಲಿಂಗ್ ಟೀಮಿನಲ್ಲಿದ್ದೆವು. ನಾನು ಬರೆದ ಕೋಡ್ ಅನ್ನು ಇವರು ಟೆಸ್ಟ್ ಮಾಡುತ್ತಿದ್ದರು. ಒಂದು ರಿಲೀಸ್‌ಗೆ ಮುಂಚೆ ಎಲ್ಲ ಟೆಸ್ಟ್ ಪಾಸ್ ಆಗಿದ್ದಾಗಲೂ, ಬಿಲ್ ಮತ್ತು ರಿಪೋರ್ಟ್ ತೆರಿಗೆಯನ್ನು ಬೇರೆ ಬೇರೆ ರೀತಿ ರೌಂಡ್ ಮಾಡುತ್ತಿರುವುದನ್ನು ಇವರು ಕಂಡುಹಿಡಿದರು. ಮೂರು ಸಾಲಿನ ಒಂದು ಬಿಲ್ ಇಟ್ಟುಕೊಂಡು ತಪ್ಪು ಎಲ್ಲಿದೆ ಅಂತ ತೋರಿಸಿದರು. ಅದೇ ದಿನ ಸರಿಮಾಡಿದೆವು. ಅವರ ಆ ಟೆಸ್ಟ್ ಮುಂದಿನ ರಿಲೀಸ್‌ಗಳಲ್ಲೂ ನಮಗೆ ಕಾವಲಾಗಿತ್ತು. ಲೆಕ್ಕ ತಪ್ಪಬಾರದಂಥ ಸಾಫ್ಟ್‌ವೇರ್ ಮಾಡುವ ಯಾವ ಟೀಮಿಗೂ ಇವರನ್ನು ಧೈರ್ಯವಾಗಿ ಹೇಳುತ್ತೇನೆ."

ಇದರಲ್ಲಿ 3.336 ಬಂದಿಲ್ಲ, ನೋಡಿ. ಓದುವ ರಿಕ್ರೂಟರ್‌ಗೆ ಆ ಲೆಕ್ಕ ಬೇಕಿಲ್ಲ. ಆದರೆ ನನಗೆ ಅದು ನೆನಪಿದ್ದದ್ದರಿಂದಲೇ "ಮೂರು ಸಾಲಿನ ಬಿಲ್" ಅನ್ನುವ ಮಾತು ಬಂತು. ಆ ಮಾತಿನಿಂದಲೇ ಇದು ಕಣ್ಣಾರೆ ಕಂಡವರು ಬರೆದದ್ದು ಅಂತ ಓದಿದವರಿಗೆ ತಿಳಿಯುತ್ತದೆ. "ಸೂಕ್ಷ್ಮ ದೃಷ್ಟಿಯವರು" ಅಂತ ನಾನು ಎಲ್ಲೂ ಹೇಳಲಿಲ್ಲ. ಓದಿದವರೇ ಹಾಗೆ ಅಂದುಕೊಳ್ಳುತ್ತಾರೆ, ಅಲ್ವಾ? "ಕಂಪನಿಗೆ ದೊಡ್ಡ ನಷ್ಟ ತಪ್ಪಿಸಿದರು" ಅಂತಲೂ ಬರೆಯಲಿಲ್ಲ. ನಷ್ಟ ಎಷ್ಟಾಗುತ್ತಿತ್ತೋ ನಾನು ಲೆಕ್ಕ ಹಾಕಿದವನಲ್ಲ. ಇಂಟರ್‌ವ್ಯೂನಲ್ಲಿ ಯಾರಾದರೂ ಅದನ್ನೇ ಹಿಡಿದು ಕೇಳಿದರೆ ಉತ್ತರ ಕೊಡಬೇಕಾದವರು ಅವರು. ಸುಮ್ನೆ ಅವರನ್ನು ಕಷ್ಟಕ್ಕೆ ಸಿಕ್ಕಿಸಿದ ಹಾಗಾಗುತ್ತದೆ.

ಮೊದಲ ಸಾಲಿನಲ್ಲೇ ನೀವು ಅವರ ಕೆಲಸವನ್ನು ಎಲ್ಲಿಂದ ನೋಡಿದಿರಿ ಅಂತ ಹೇಳಿ. ಇಬ್ಬರ ಸಂಬಂಧ ಏನು, ಅವರ ಹುದ್ದೆ ಏನಿತ್ತು ಅಂತ ಲಿಂಕ್ಡ್‌ಇನ್ ಕೇಳುತ್ತದೆ. ಆದರೆ "ಒಂದೇ ಟೀಮ್" ಅಂದರೆ ಯಾರ ಕೆಲಸ ಯಾರ ಕೈಗೆ ಬರುತ್ತಿತ್ತು ಅಂತ ತಿಳಿಯುವುದಿಲ್ಲ. 3000 ಅಕ್ಷರದವರೆಗೆ ಜಾಗ ಇದೆ ಅಂತ ಪೂರ್ತಿ ತುಂಬಿಸಬೇಡಿ. ಆರೇಳು ವಾಕ್ಯ ಧಾರಾಳವಾಯಿತು.

ಬರೆದ ಮೇಲೆ ಒಂದೊಂದು ವಾಕ್ಯವನ್ನೂ ಟೀಮಿನ ಇನ್ನೊಬ್ಬರ ಬಗ್ಗೆ ಹೇಳಿ ನೋಡಿ. ಆಗಲೂ ನಿಜ ಅನಿಸಿದರೆ ಆ ವಾಕ್ಯ ತೆಗೆದುಬಿಡಿ. ನನ್ನ ಮೊದಲ ಕರಡಿನಲ್ಲಿದ್ದ "ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತಿದ್ದರು" ಹೋದದ್ದು ಹೀಗೆಯೇ. ಗ್ರಾಹಕರ ಹೆಸರು, ಹೊರಗೆ ಬಿಡದ ಪ್ರಾಡಕ್ಟ್, ಒಳಗಿನ ಅಂಕಿಅಂಶ ಇದ್ದರೆ ಅವನ್ನೂ ತೆಗೆಯಿರಿ. ನೀವು ಕಂಪನಿ ಬಿಟ್ಟಿದ್ದರೂ ಆ ಗುಟ್ಟು ಕಾಯುವ ಹೊಣೆ ಹೋಗಿರುವುದಿಲ್ಲ.

ಏನೂ ನೆನಪಾಗದಿದ್ದರೆ "ನಾವು ಒಟ್ಟಿಗೆ ಮಾಡಿದ್ದರಲ್ಲಿ ನಿಮಗೆ ಯಾವುದು ಜಾಸ್ತಿ ನೆನಪಿದೆ?" ಅಂತ ಅವರನ್ನೇ ಕೇಳಿ. ಅವರು ಹೇಳಿದ್ದರಲ್ಲಿ ನೀವು ಸ್ವತಃ ನೋಡಿದ್ದನ್ನು ಮಾತ್ರ ಬರೆಯಿರಿ. ಕಳಿಸಿದ ಕೂಡಲೇ ಅದು ಪ್ರೊಫೈಲ್‌ನಲ್ಲಿ ಕಾಣುವುದಿಲ್ಲ. ಮೊದಲು ಅವರು ಓದಿ ಒಪ್ಪಬೇಕು, ಬೇಕಿದ್ದರೆ ತಿದ್ದಿಕೊಡಿ ಅಂತಲೂ ಕೇಳಬಹುದು. ಹಾಗೆ ಕೇಳಿದರೆ ಬೇಜಾರು ಮಾಡಿಕೊಳ್ಳದೆ ತಿದ್ದಿಕೊಡಿ.