ಡ್ರಮ್ಮಿನಲ್ಲಿ ತುಕ್ಕು: ಮೊದಲು ಪಿನ್ ಹುಡುಕಿ

"ವಾಷಿಂಗ್ ಮಷೀನಿನ ಸ್ಟೀಲ್ ಡ್ರಮ್ಮಿನ ತೂತುಗಳ ಬಳಿ ಕಂದು ಕಲೆ ಬಂದಿದೆ, ಬಿಳಿ ಬಟ್ಟೆಗೂ ಅಂಟುತ್ತಿದೆ. ಡ್ರಮ್ ಬದಲಿಸಬೇಕೇ?"

ದಯವಿಟ್ಟು ಅವಸರಪಡಬೇಡಿ. ಸ್ಟೇನ್‌ಲೆಸ್ ಸ್ಟೀಲ್ ತಾನಾಗಿ ತುಕ್ಕು ಹಿಡಿಯುವುದು ಕಡಿಮೆ. ಬಹಳ ಸಲ ಅದು ಬೇರೆ ಕಬ್ಬಿಣದಿಂದ ಅಂಟಿದ ತುಕ್ಕು. ನಮ್ಮ ಯಂತ್ರದಲ್ಲಿ ಒಂದು ಹೇರ್‌ಪಿನ್ ತೂತಿನಲ್ಲಿ ಅರ್ಧ ತೂರಿಕೊಂಡು, ಒದ್ದೆಯಲ್ಲೇ ಕೂತು, ಸುತ್ತಲೂ ಕಂದು ಉಂಗುರ ಬಿಡಿಸಿತ್ತು.

ಪ್ಲಗ್ ತೆಗೆದು, ಟಾರ್ಚ್ ಹಿಡಿದು ಒಂದೊಂದೇ ತೂತನ್ನು ನೋಡಿ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿಯಿದ್ದರೆ ಅದರ ಮಡಿಕೆಯನ್ನೂ ಬಿಡಿಸಿ ನೋಡಿ. ಪಿನ್ ಸಿಕ್ಕರೆ ಇಕ್ಕಳದಿಂದ ಎಳೆಯಿರಿ. ಅನಂತರ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಕಲೆಗೆ ಹಚ್ಚಿ, ಅರ್ಧ ಗಂಟೆಯ ಬಳಿಕ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಉಕ್ಕಿನ ನಾರು ಬೇಡವೇ ಬೇಡ. ಅದರ ಚೂರುಗಳು ಉಳಿದು ಹೊಸ ತುಕ್ಕಾಗುತ್ತವೆ. ಬ್ಲೀಚ್ ಕೂಡ ಬೇಡ, ಕ್ಲೋರಿನ್ ಸ್ಟೀಲಿನಲ್ಲಿ ಸಣ್ಣ ಕುಳಿಗಳನ್ನು ಕೊರೆಯುತ್ತದೆ.

ಆಮೇಲೆ ಉಗುರಿನಿಂದ ಸವರಿ. ನುಣುಪಾಗಿದ್ದರೆ ಡ್ರಮ್ ಚೆನ್ನಾಗಿದೆ. ಕೆಲವೇ ಒಗೆತಗಳಲ್ಲಿ ಕಲೆ ಮರಳಿದರೆ, ಅಥವಾ ಡ್ರಮ್ ತಿರುಗಿಸುವಾಗ ಕೆರೆಯುವ ಸದ್ದು ಬಂದರೆ, ಡ್ರಮ್ ಮತ್ತು ಹೊರತೊಟ್ಟಿಯ ನಡುವೆ ಇನ್ನೊಂದು ಪಿನ್ ಇರಬಹುದು. ಅದನ್ನು ಮೆಕ್ಯಾನಿಕ್ ತೆಗೆಯಲಿ. ಹೀಟರ್ ಇರುವ ಯಂತ್ರಗಳಲ್ಲಿ ಹೀಟರ್ ಕಳಚಿದ ಜಾಗದಿಂದಲೇ ಪಿನ್ ಹಲವು ಸಲ ಸಿಗುತ್ತದೆ. ಉಗುರಿಗೆ ಕುಳಿ ತಗುಲಿ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಡ್ರಮ್ ಬದಲಿಸುವ ಮಾತು.