ಶೇ. 36 ಮತ: ಒಮ್ಮೆ 104 ಸೀಟು, ಇನ್ನೊಮ್ಮೆ 66

*ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಇಷ್ಟು ವರ್ಷದಲ್ಲಿ ನನ್ನನ್ನಾಗಲಿ, ನಮ್ಮೂರಿನವರನ್ನಾಗಲಿ ಯಾವ ಸಮೀಕ್ಷೆಯವರೂ ಬಂದು ಕೇಳಿಲ್ಲ. ಕೆಲವು ಸಾವಿರ ಜನರನ್ನು ಮಾತಾಡಿಸಿ ಐದು ಕೋಟಿ ಮತದಾರರ ಮನಸ್ಸು ಹೇಗೆ ಹೇಳ್ತಾರೆ? ‘ಶೇ. 3 ಹೆಚ್ಚುಕಡಿಮೆ ಆಗಬಹುದು’ ಅಂತ ಸಣ್ಣಕ್ಷರದಲ್ಲಿ ಹಾಕ್ತಾರೆ. ಎಣಿಕೆ ದಿನ ನೋಡಿದರೆ ಹತ್ತಾರು ಸೀಟು ಏರುಪೇರು. ಇದು ಲೆಕ್ಕವೋ, ಕಣಿಯೋ?*
*— ಓದುಗರು, ಮೂಡಿಗೆರೆ ತಾಲ್ಲೂಕು*

ಲೆಕ್ಕವೇ. ಆದರೆ ಎರಡು ಲೆಕ್ಕ. ಮೊದಲನೆಯದು ಸಾಕಷ್ಟು ಗಟ್ಟಿ, ಎರಡನೆಯದು ಅಷ್ಟು ಗಟ್ಟಿಯಲ್ಲ. ಟಿವಿಯಲ್ಲಿ ದೊಡ್ಡದಾಗಿ ತೋರಿಸುವುದು ಎರಡನೆಯದನ್ನು.

ಮೊದಲನೆಯದು ನಿಮಗೆ ಗೊತ್ತಿರುವುದೇ. ಚೆರ್ರಿ ಮಾರಲು ಹೋದಾಗ ವ್ಯಾಪಾರಿ ನಿಮ್ಮ ಇಡೀ ಲೋಡನ್ನು ಹಲ್ಲಿಂಗ್ ಮಾಡಿಸಿ ನೋಡುವುದಿಲ್ಲ. ನಾಲ್ಕಾರು ಚೀಲಗಳಿಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಐವತ್ತು ಕೆಜಿ ಚೀಲಕ್ಕೆ ಇಷ್ಟು ಔಟ್‌ಟರ್ನ್ ಎಂದು ಹೇಳುತ್ತಾನೆ. ಚೀಲ ಹತ್ತಿದ್ದರೂ ಸಾವಿರವಿದ್ದರೂ ಅವನಿಗೆ ಬೇಕಾದ ಸ್ಯಾಂಪಲ್ ಹೆಚ್ಚೇನೂ ಬದಲಾಗದು. ಮಾಲು ಚೆನ್ನಾಗಿ ಬೆರೆತಿರಬೇಕು, ಕೊಳವೆ ಎಲ್ಲ ಕಡೆ ಹೋಗಬೇಕು, ಅಷ್ಟೇ. ಐದು ಕೋಟಿ ಜನರಿಗೆ ಸಾವಿರ ಜನ ಸಾಕಾಗುವುದೂ ಹೀಗೆಯೇ. ನಿಮ್ಮನ್ನು ಯಾರೂ ಕೇಳದಿರುವುದರಲ್ಲಿ ಆಶ್ಚರ್ಯವಿಲ್ಲ. ಐದು ಕೋಟಿಯಲ್ಲಿ ಸಾವಿರ ಎಂದರೆ ಐವತ್ತು ಸಾವಿರಕ್ಕೆ ಒಬ್ಬರು.

ಲಾಟರಿ ಎತ್ತಿದ ಹಾಗೆ ಆರಿಸಿದ ಸಾವಿರ ಜನರಲ್ಲಿ 380 ಮಂದಿ ಒಂದು ಪಕ್ಷದ ಹೆಸರು ಹೇಳಿದರು ಎನ್ನಿ. ಆ ಶೇ. 38ರ ಸುತ್ತ ಶೇ. 3ರಷ್ಟು ಸಡಿಲ ಬಿಡಬೇಕು: ನಿಜವಾದ ಅಂಕಿ 35 ಇರಬಹುದು, 41 ಇರಬಹುದು. ಇಂಥ ಸಮೀಕ್ಷೆಯನ್ನು ನೂರು ಸಲ ಮಾಡಿದರೆ ಸುಮಾರು 95 ಸಲ ಈ ಗೆರೆಯೊಳಗೆ ಬೀಳುತ್ತದೆ, ಉಳಿದ ಐದು ಸಲ ಅದನ್ನೂ ದಾಟುತ್ತದೆ. ಈ ಸಡಿಲವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಎರಡರಷ್ಟಲ್ಲ, ನಾಲ್ಕರಷ್ಟು ಜನರನ್ನು ಕೇಳಬೇಕು. ಖರ್ಚು ಏರುವುದು ಅಲ್ಲೇ.

ಇನ್ನೊಂದು ಪಕ್ಷಕ್ಕೆ ಶೇ. 36 ಬಂತು ಎಂದುಕೊಳ್ಳಿ. ‘ಎರಡು ಪರ್ಸೆಂಟ್ ಮುಂದೆ’ ಎಂದು ಆಂಕರ್ ಕೂಗುತ್ತಾನೆ. ಒಬ್ಬರ ಕೈಯಿಂದ ಹೋದದ್ದು ಹೆಚ್ಚಾಗಿ ಇನ್ನೊಬ್ಬರ ಕೈಗೇ ಸೇರುವುದರಿಂದ, ಮುನ್ನಡೆಯ ಮೇಲಿನ ಸಡಿಲ 3 ಅಲ್ಲ, 5ಕ್ಕೂ ಸ್ವಲ್ಪ ಹೆಚ್ಚು. ಎರಡು ಪರ್ಸೆಂಟ್ ಮುನ್ನಡೆ ನಿಜದಲ್ಲಿ ಏಳು ಇರಬಹುದು, ಮೂರು ಹಿನ್ನಡೆಯೂ ಇರಬಹುದು. ಸಣ್ಣಕ್ಷರದಲ್ಲಿ ಇದನ್ನು ಹಾಕಿದ್ದು ನಾನಂತೂ ನೋಡಿಲ್ಲ.

ಈಗ ಎರಡನೇ ಲೆಕ್ಕಕ್ಕೆ ಬರೋಣ. ಜನ ಹೇಳುವುದು ಮತ; ನಮಗೆ ಬೇಕಾಗಿರುವುದು ಸೀಟು. ನಮ್ಮ ವಿಧಾನಸಭೆಯದೇ ಉದಾಹರಣೆ ನೋಡಿ. 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, ಬಿಜೆಪಿಗೆ ಸುಮಾರು 36. ಮತ ಕಡಿಮೆಯಿದ್ದ ಬಿಜೆಪಿ 104 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂತು. 2023ರಲ್ಲಿ ಬಿಜೆಪಿಗೆ ಬಂದದ್ದು ಮತ್ತೆ ಅದೇ ಶೇ. 36ರ ಆಸುಪಾಸು. ಸೀಟು ಮಾತ್ರ 66. ಕಾಂಗ್ರೆಸ್ ಶೇ. 43ರ ಹತ್ತಿರ ಹೋಗಿ 135 ಗೆದ್ದಿತು. ಜೆಡಿಎಸ್ ಮತ ಸುಮಾರು ಶೇ. 18ರಿಂದ 13ಕ್ಕೆ ಇಳಿಯಿತು. ನಿಮ್ಮ ಚಿಕ್ಕಮಗಳೂರು ಜಿಲ್ಲೆಯ ಐದು ಸೀಟುಗಳಲ್ಲಿ 2018ರಲ್ಲಿ ನಾಲ್ಕು ಬಿಜೆಪಿಯದು, 2023ರಲ್ಲಿ ಐದೂ ಕಾಂಗ್ರೆಸ್ಸಿನದು. ಪಕ್ಕದ ನಮ್ಮ ಹಾಸನದಲ್ಲಿ ಅದೇ ವರ್ಷ ಏಳರಲ್ಲಿ ನಾಲ್ಕು ಜೆಡಿಎಸ್, ಎರಡು ಬಿಜೆಪಿ, ಒಂದೇ ಒಂದು ಕಾಂಗ್ರೆಸ್. ಚಾರ್ಮಾಡಿ ಕಡೆಯ ಗಾಳಿ ಬೇಲೂರು ದಾಟುವಷ್ಟರಲ್ಲಿ ಬೇರೆಯಾಗಿತ್ತು.

2023ರಲ್ಲಿ ಬಿಜೆಪಿಯ ಮತ ಶೇ. 36 ಎಂದು ಕರಾರುವಾಕ್ಕಾಗಿ ಹೇಳಿದವನೂ, ಹಳೆಯ ಸೂತ್ರ ಹಿಡಿದು ‘ಹಾಗಿದ್ದರೆ ಸೀಟು ನೂರರ ಹತ್ತಿರ’ ಎಂದಿದ್ದರೆ ನಗೆಪಾಟಲಾಗುತ್ತಿದ್ದ. ಸಾಮಾನ್ಯವಾಗಿ ಮಾಡುವುದು ಹೀಗೆ: ಕಳೆದ ಸಲದ ಕ್ಷೇತ್ರವಾರು ಫಲಿತಾಂಶ ಇಟ್ಟುಕೊಂಡು, ಈ ಸಲ ಏರಿದ-ಇಳಿದ ಮತವನ್ನು ಎಲ್ಲ ಕ್ಷೇತ್ರಗಳಿಗೂ, ಅಥವಾ ಪ್ರಾಂತ್ಯವಾರು, ಒಂದೇ ಸಮ ಹಂಚುತ್ತಾರೆ. ಮೂರನೇ ಪಕ್ಷದ ಮತ ಎಲ್ಲಿ ಕರಗಿತು, ಯಾರ ಕಡೆ ಹರಿಯಿತು ಎಂಬುದು ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಥರ ಇದ್ದರೆ ಈ ಹಂಚಿಕೆ ಕೈಕೊಡುತ್ತದೆ.

ಹಾಗಾದರೆ ಪ್ರತಿ ಕ್ಷೇತ್ರದಲ್ಲೂ ಕೇಳಬಹುದಲ್ಲ? ಇಪ್ಪತ್ತು ಸಾವಿರ ಜನರ ದೊಡ್ಡ ಸಮೀಕ್ಷೆಯನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಬೀಳುವುದು 90 ಜನ. 90 ಜನರ ಅಂಕಿಗೆ ಸಡಿಲ ಶೇ. 10. 2023ರ ಎಣಿಕೆಯಲ್ಲಿ ಶೃಂಗೇರಿಯ ಗೆಲುವಿನ ಅಂತರ ಎಂದು ಘೋಷಿಸಿದ್ದು 201 ಮತ. ಶೇಕಡಾ ಒಂದರ ಕಾಲು ಭಾಗವೂ ಅಲ್ಲ.

ಕೊಳವೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಇನ್ನೂ ಬಾಕಿ ಇದೆ. ಚುನಾವಣಾ ಪೂರ್ವ ಸಮೀಕ್ಷೆಯಲ್ಲಿ ಜನ ಮತ ಹಾಕುವ ಮೊದಲೇ ಕೇಳುತ್ತಾರೆ. ಆಮೇಲೆ ಮನಸ್ಸು ಬದಲಾಗಬಹುದು, ಮತ ಹಾಕಲು ಹೋಗದೆಯೂ ಇರಬಹುದು. ಎಕ್ಸಿಟ್ ಪೋಲಿನಲ್ಲಿ ಹಾಕಿ ಬಂದವರನ್ನೇ ಕೇಳುವುದರಿಂದ ಆ ತಾಪತ್ರಯ ಇಲ್ಲ. ಬೇರೆ ತಾಪತ್ರಯ ಇದೆ. 2023ರ ಮೇ 10ರಂದು ಹಾಸನದ ಹೊರವಲಯದ ಒಂದು ಬೂತಿನಿಂದ ಆಚೆ, ಹೊಂಗೆ ಮರದ ಕೆಳಗೆ ಟ್ಯಾಬ್ ಹಿಡಿದ ಒಬ್ಬ ಹುಡುಗನನ್ನು ನಾನು ಮುಕ್ಕಾಲು ಗಂಟೆ ನೋಡಿದೆ. ಯಾವ ಸಂಸ್ಥೆಯವನು ಎಂಬುದು ಬೇಡ. ಹೊರಬರುವ ಹತ್ತನೆಯವರನ್ನು, ಇಪ್ಪತ್ತನೆಯವರನ್ನು ಎಣಿಸಿ ನಿಲ್ಲಿಸಬೇಕು ಎಂಬುದು ಇದರ ನಿಯಮ. ಅವನು ನಿಲ್ಲಿಸುತ್ತಿದ್ದದ್ದು ಪುರುಸೊತ್ತಾಗಿ ನಿಂತು ಮಾತಾಡುವ ಗಂಡಸರನ್ನು. ಪಿಕಪ್ಪಿನಲ್ಲಿ ಬಂದ ಕೂಲಿ ಹೆಂಗಸರು ಮತ ಹಾಕಿ ಅದೇ ಪಿಕಪ್ ಹತ್ತಿ ಹೊರಟುಹೋದರು. ಒಬ್ಬಾಕೆಯನ್ನು ಕೇಳಿದಾಗ ಪಕ್ಕದಲ್ಲಿದ್ದ ಗಂಡ ಉತ್ತರ ಹೇಳಿದ, ಹುಡುಗ ಬರೆದುಕೊಂಡ. ‘ಅಕ್ಕ, ನೀವು ಹೇಳಿ’ ಎನ್ನಲಿಲ್ಲ. ಚೀಲದ ಬಾಯಲ್ಲಷ್ಟೇ ಕೊಳವೆ ಆಡಿಸಿದ ಹಾಗೆ. ಹೀಗೆ ಇನ್ನೂ ಹತ್ತು ಸಾವಿರ ಜನರನ್ನು ಕೇಳಿದರೂ ಅದೇ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಆ ‘ಶೇ. 3’ ಲೆಕ್ಕ ಹಾಕುವುದು ಅದೃಷ್ಟದ ಏರುಪೇರನ್ನು ಮಾತ್ರ; ಈ ಥರದ ವಾಲುವಿಕೆ ಅದರಲ್ಲಿ ಇಲ್ಲವೇ ಇಲ್ಲ.

ಎರಡನ್ನೂ ಬೇರ್ಪಡಿಸಿ ಗುರುತಿಸಲು ಒಂದು ದಾರಿಯಿದೆ. ಬರೀ ಅದೃಷ್ಟದ ತಪ್ಪಾದರೆ ಹತ್ತು ಸಮೀಕ್ಷೆಗಳಲ್ಲಿ ಕೆಲವು ನಿಜಕ್ಕಿಂತ ಮೇಲೆ, ಕೆಲವು ಕೆಳಗೆ ಬೀಳಬೇಕು. 2024ರ ಲೋಕಸಭೆಗೆ ಹೆಚ್ಚಿನ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಕೊಟ್ಟವು, ಬಂದದ್ದು 293. ಎಲ್ಲರೂ ಒಂದೇ ಕಡೆ ವಾಲಿದರೆಂದರೆ ಅದು ಅದೃಷ್ಟವಲ್ಲ. ಬಾಯಿಬಿಡದ ಮತದಾರರು ಒಂದೇ ಕಡೆಯವರಾಗಿದ್ದರೂ ಹೀಗಾಗುತ್ತದೆ, ಸೀಟಿನ ಸೂತ್ರ ಕೆಟ್ಟರೂ ಆಗುತ್ತದೆ. ಒಬ್ಬಂಟಿಯಾಗಿ ತಪ್ಪುವ ಭಯಕ್ಕೆ ಪಕ್ಕದವನ ಅಂಕಿ ನೋಡಿ ತನ್ನದನ್ನು ಸರಿಪಡಿಸಿಕೊಳ್ಳುವ ಅಭ್ಯಾಸವೂ ಈ ಕಸುಬಿನಲ್ಲಿದೆ.

ಮುಂದಿನ ಸಲ ಟಿವಿ ಮುಂದೆ ಕೂತಾಗ ಸೀಟಿನ ಪಟ್ಟಿ ಬಿಟ್ಟು ಮತಪ್ರಮಾಣ ಕೊಟ್ಟಿದ್ದಾರೆಯೇ ನೋಡಿ. ಕೊಡದೆ ಸೀಟು ಮಾತ್ರ ಹೇಳುವವರನ್ನು ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ‘105ರಿಂದ 120’ ಎಂದರೆ ನಡುವಿನ 112 ಎಂದು ಓದಬೇಡಿ. ನಮ್ಮಲ್ಲಿ ಬಹುಮತಕ್ಕೆ 113 ಬೇಕು. ಸರ್ಕಾರ ಆಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ ಎಂದು ಅವರೇ ಹೇಳುತ್ತಿದ್ದಾರೆ.

— ಸಂಪಾದಕ, ಹಾಸನ